ಸೊನ್ನೆಗಿಂತ ಕೆಳಗಿದ್ದರೂ ಬೇರೆಯಾಗುವ ದ್ರವಗಳು: ನನ್ನ ಪುಟ್ಟ ಪ್ರೋಗ್ರಾಂನ ದಿನಚರಿ

ಮೊದಲ ವಾರಾಂತ್ಯ

ಎರಡು ದ್ರವಗಳನ್ನು ಬೆರೆಸಿದರೆ ಒಂದಾಗುತ್ತವೋ, ಎರಡು ಪದರವಾಗಿ ನಿಲ್ಲುತ್ತವೋ ಎಂದು ಹೇಳುವ ಪ್ರೋಗ್ರಾಂ ಬರೆಯಲು ಕೂತೆ. ಆರಿಸಿಕೊಂಡದ್ದು ಅತ್ಯಂತ ಸರಳ ಮಾದರಿ, ರೆಗ್ಯುಲರ್ ಸಲ್ಯೂಷನ್. 1929ರಲ್ಲಿ ರಸಾಯನಶಾಸ್ತ್ರಜ್ಞ ಹಿಲ್ಡೆಬ್ರಾಂಡ್ ಇಟ್ಟ ಹೆಸರದು. ಅಣುಗಳ ಗಾತ್ರ ಹೆಚ್ಚುಕಡಿಮೆ ಒಂದೇ, ಅವು ಹೇಗೆಂದರೆ ಹಾಗೆ ಬೆರೆತಿವೆ, ಆದರೆ ಬೆರೆಯುವಾಗ ಸ್ವಲ್ಪ ಶಾಖ ಬೇಕಾಗುತ್ತದೆ ಎಂದು ಇಲ್ಲಿ ಅಂದುಕೊಳ್ಳುತ್ತೇವೆ. ಬೆರೆತಾಗ ಮುಕ್ತಶಕ್ತಿಯಲ್ಲಾಗುವ ಬದಲಾವಣೆ ΔG, ಮಿಶ್ರಣದಲ್ಲಿ ಒಂದು ದ್ರವದ ಮೋಲ್ ಪಾಲು x, ಅನಿಲ ಸ್ಥಿರಾಂಕ R, ಕೆಲ್ವಿನ್‌ನಲ್ಲಿ ಉಷ್ಣತೆ T ಎಂದಿಟ್ಟುಕೊಂಡರೆ ಸೂತ್ರ ಇಷ್ಟೇ:

```
ΔG/RT = x ln x + (1-x) ln(1-x) + χ x(1-x)
χ = Ω/RT
```

ಮೊದಲೆರಡು ಪದಗಳು ಎಂಟ್ರೋಪಿಯವು. ಅವು ಯಾವಾಗಲೂ ಬೆರೆಯುವುದರ ಪರ. ಮೂರನೆಯದು ಬೇರೆ ಬೇರೆ ಜಾತಿಯ ಅಣುಗಳು ಅಕ್ಕಪಕ್ಕ ಕೂರಲು ತೆರಬೇಕಾದ ಬೆಲೆ. Ω ಧನಾತ್ಮಕವಾಗಿದ್ದಷ್ಟೂ ಅವಕ್ಕೆ ಪರಸ್ಪರ ಇಷ್ಟವಿಲ್ಲ ಎಂದರ್ಥ.

ನಾನು ಹಾಕಿದ ಷರತ್ತು: ಅರ್ಧಕ್ಕರ್ಧ ಮಿಶ್ರಣದಲ್ಲಿ ΔG ಋಣಾತ್ಮಕವಾಗಿದ್ದರೆ "ಬೆರೆಯುತ್ತದೆ", ಇಲ್ಲದಿದ್ದರೆ "ಬೇರೆಯಾಗುತ್ತದೆ". ಪರೀಕ್ಷೆಗೆ ಸೈಕ್ಲೋಹೆಕ್ಸೇನ್ ಮತ್ತು ಮೆಥನಾಲ್ ಜೋಡಿ ತಗೊಂಡೆ. ಇವು ಸುಮಾರು 45 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಎರಡು ಪದರವಾಗುತ್ತವೆ, ಅದರ ಮೇಲೆ ಯಾವ ಪ್ರಮಾಣದಲ್ಲಾದರೂ ಬೆರೆಯುತ್ತವೆ. ಇದಕ್ಕೆ ಹೊಂದುವಂತೆ Ω = 5300 ಜೂಲ್/ಮೋಲ್ ಕೊಟ್ಟೆ. ಪ್ರೋಗ್ರಾಂ ಕೊಟ್ಟ ಉತ್ತರ: ಬೇರೆಯಾಗುವುದು ಮೈನಸ್ 43 ಡಿಗ್ರಿಯಲ್ಲಿ! ಸೈಕ್ಲೋಹೆಕ್ಸೇನ್ 6.5 ಡಿಗ್ರಿಗೇ ಗಟ್ಟಿಯಾಗುತ್ತದೆ. ಎಲ್ಲೋ ಎಡವಿದ್ದೇನೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಮರುದಿನ

ಕೋಡ್ ಸರಿಯಿತ್ತು, ಕೇಳಿದ ಪ್ರಶ್ನೆಯೇ ತಪ್ಪು. ΔG ಋಣಾತ್ಮಕ ಎಂದರೆ ಎರಡು ಶುದ್ಧ ದ್ರವಗಳಿಗಿಂತ ಮಿಶ್ರಣ ಮೇಲು ಎಂದಷ್ಟೇ. ಆದರೆ ಸ್ಪರ್ಧೆ ಇರುವುದು ಶುದ್ಧ ದ್ರವಗಳ ಜೊತೆಯಲ್ಲ. ಇದು ಸ್ವಲ್ಪ ಜಾಸ್ತಿ, ಅದು ಸ್ವಲ್ಪ ಕಡಿಮೆ ಇರುವ ಎರಡು *ಅರೆಬೆರಕೆ* ಪದರಗಳ ಜೊತೆ.

χ = 2.5 ಇಟ್ಟು ಕೈಯಲ್ಲೇ ಲೆಕ್ಕ ಹಾಕಿದೆ. x = 0.5ರಲ್ಲಿ ΔG/RT ಬೆಲೆ −0.068. x = 0.145ರಲ್ಲಿ −0.104, x = 0.855ರಲ್ಲೂ ಅಷ್ಟೇ. ಗ್ರಾಫ್ ಇಡೀ ಸೊನ್ನೆಗಿಂತ ಕೆಳಗೇ ಇದೆ, ಆದರೆ ನಡುವೆ ಒಂದು ದಿಬ್ಬ, ಎರಡು ಬದಿಗೆ ಎರಡು ಗುಂಡಿ. ಅರ್ಧಕ್ಕರ್ಧ ಮಿಶ್ರಣ ಆ ಎರಡು ಗುಂಡಿಗಳಿಗೆ ಹಂಚಿಹೋದರೆ ಮುಕ್ತಶಕ್ತಿ 0.036 RT ಇಳಿಯುತ್ತದೆ. 300 ಕೆಲ್ವಿನ್‌ನಲ್ಲಿ ಅದು ಮೋಲ್‌ಗೆ ಸುಮಾರು 90 ಜೂಲ್. ಅಲ್ಪ ಮೊತ್ತ, ಆದರೆ ಪದರ ಬೀಳಲು ಅಷ್ಟು ಸಾಕು.

ಹಾಗಾಗಿ ನೋಡಬೇಕಾದ್ದು ಗ್ರಾಫ್‌ನ ಬಾಗು. ಎರಡನೇ ಅವಕಲನ 1/(x(1−x)) − 2χ. ಮೊದಲ ಪದದ ಕನಿಷ್ಠ ಬೆಲೆ ನಡುವಲ್ಲಿ, 4. ಅಂದರೆ χ 2 ದಾಟಿದ ಕ್ಷಣ ನಡುಭಾಗ ಮೇಲಕ್ಕೆ ಉಬ್ಬುತ್ತದೆ. ನನ್ನ ತಪ್ಪು ಷರತ್ತು 4 ln 2, ಅಂದರೆ 2.77 ಆಗುವವರೆಗೆ ಕಾಯುತ್ತಿತ್ತು. χ = 2 ಎಂದು ತಿದ್ದಿದರೆ T = Ω/2R, 5300 ಜೂಲ್‌ಗೆ ಸುಮಾರು 319 ಕೆಲ್ವಿನ್, ಅಂದರೆ 45 ಡಿಗ್ರಿಯ ಆಸುಪಾಸು. (Ωವನ್ನು ಹೊಂದಿಸಿದ್ದೇ ನಾನು, ಆದ್ದರಿಂದ ಇದರಲ್ಲಿ ಬೀಗುವಂಥದ್ದೇನಿಲ್ಲ.)

ಉಬ್ಬಿನ ಅಂಚುಗಳು, ಅಂದರೆ ಸ್ಪೈನೋಡಲ್, χ = 2.5ಕ್ಕೆ 0.276 ಮತ್ತು 0.724. ಗುಂಡಿಗಳ ತಳ, ಅಂದರೆ ಬೈನೋಡಲ್, 0.145 ಮತ್ತು 0.855. ಬೈನೋಡಲ್ ಮತ್ತು ಸ್ಪೈನೋಡಲ್ ನಡುವೆ, ಉದಾಹರಣೆಗೆ x = 0.2ರಲ್ಲಿ, ದ್ರಾವಣ ಬೇರೆಯಾದರೆ ಲಾಭ ಇದ್ದರೂ ಸಣ್ಣ ಏರಿಳಿತಗಳಿಗೆ ಜಗ್ಗುವುದಿಲ್ಲ. ಒಂದು ಹನಿಬೀಜ ಹುಟ್ಟುವವರೆಗೂ ತಿಳಿಯಾಗಿಯೇ ಇರಬಹುದು. ಕೊನೆಗೆ ಬೇರೆಯಾದಾಗ ಎರಡನೇ ಪದರದ ಪಾಲು (0.2 − 0.145)/0.71, ಅಂದರೆ ಬರೀ 8 ಶೇಕಡಾ.

ಮೂರನೇ ವಾರ

ಉಷ್ಣತೆ ಬದಲಿಸುತ್ತಾ ಬೈನೋಡಲ್ ಗೆರೆ ಎಳೆಯುವ ಕೆಲಸ. ಮಾದರಿ ಎರಡೂ ಕಡೆ ಒಂದೇ ಆಕಾರದ್ದಾದ್ದರಿಂದ ಎರಡೂ ಗುಂಡಿಗಳನ್ನು ಮುಟ್ಟುವ ಸಾಮಾನ್ಯ ಸ್ಪರ್ಶಕ ಅಡ್ಡಗೆರೆಯೇ. m = 1 − 2x ಇಟ್ಟರೆ ಸಮೀಕರಣ ಚಿಕ್ಕದಾಗುತ್ತದೆ:

```python
m = 1.0
for _ in range(200):
    m = np.tanh(chi * m / 2)
```

χ = 2.5ಕ್ಕೆ ಚಕಚಕ ಉತ್ತರ ಬಂತು. ಆದರೆ ಬೈನೋಡಲ್ ಗೆರೆಯ ಗುಮ್ಮಟದ ತುದಿ ಮುಚ್ಚಿಕೊಳ್ಳಲೇ ಇಲ್ಲ. χ ಸರಿಯಾಗಿ 2 ಇದ್ದಾಗಲೂ ಸುಮಾರು 0.46 ಮತ್ತು 0.54 ಎಂದು ಎರಡು ಬಿಂದು ತೋರಿಸುತ್ತಿತ್ತು. ಅಲ್ಲಿ ಗುಂಡಿಗಳು ಎಷ್ಟು ಆಳವಿಲ್ಲದವು ಎಂದರೆ ಪ್ರತಿ ಸುತ್ತಿಗೂ m ಕೂದಲೆಳೆಯಷ್ಟೇ ಕದಲುತ್ತದೆ, 200 ಸುತ್ತು ಏನೇನೂ ಸಾಲದು. ಸುತ್ತು ಹೆಚ್ಚಿಸಿ ನೋಡಿದೆ, ತುದಿ ಕಿರಿದಾಯಿತೇ ಹೊರತು ಮುಚ್ಚಲಿಲ್ಲ.

ಕೊನೆಗೆ ಹೊಳೆದದ್ದು: χ ಕೊಟ್ಟು m ಹುಡುಕುವ ಬದಲು m ಕೊಟ್ಟು χ ಪಡೆದರಾಯಿತು. ಹುಡುಕಾಟವೇ ಬೇಡ.

```python
m = np.linspace(1e-4, 0.999, 400)
chi = np.log((1 + m) / (1 - m)) / m
T = Omega / (8.314 * chi)
```

ಈಗ ತುದಿ ಸಲೀಸಾಗಿ ಮುಚ್ಚುತ್ತದೆ. ಸಲೀಸಾಗಿ ಮುಚ್ಚಿತು ಅಂದಮಾತ್ರಕ್ಕೆ ಪೂರ್ತಿ ನಿಜವಲ್ಲ. ನಿಜವಾದ ದ್ರವಗಳ ಗುಮ್ಮಟ ತುದಿಯಲ್ಲಿ ಇದಕ್ಕಿಂತ ಚಪ್ಪಟೆ. ಅಣುಗಳ ಸ್ಥಳೀಯ ಗುಂಪುಗೂಡುವಿಕೆಯನ್ನು ಈ ಮಾದರಿ ಗಣಿಸುವುದೇ ಇಲ್ಲ.

ಟ್ರೈಈಥೈಲಮೀನ್ ಮತ್ತು ನೀರು ಜೋಡಿಗೂ ಇದನ್ನೇ ಓಡಿಸಲು ಹೋಗಿ ಬಿಟ್ಟೆ. ಅವು ತಣ್ಣಗಿದ್ದಾಗ ಬೆರೆತಿದ್ದು, ಸುಮಾರು 18 ಡಿಗ್ರಿ ದಾಟಿ ಬಿಸಿ ಮಾಡಿದರೆ ಬೇರೆಯಾಗುತ್ತವೆ. Ω ಸ್ಥಿರವಾಗಿದ್ದರೆ ಬಿಸಿ ಏರಿದಂತೆ χ ಇಳಿಯಲೇಬೇಕು, ಹಾಗಾಗಿ ಯಾವ ಬೆಲೆ ಕೊಟ್ಟರೂ ಈ ನಡತೆ ಸಿಗುವುದಿಲ್ಲ. ಮುಂದಿನ ಸಲ Ωವನ್ನೇ ಉಷ್ಣತೆಯ ಜೊತೆ ಬದಲಾಗಲು ಬಿಟ್ಟು, χ ಎಲ್ಲಿ 2 ದಾಟಿ ಮೇಲೇರುತ್ತದೆ ನೋಡಬೇಕು.