ಕಂಪನಿ ಮನೆ, ಸಾಲ, ಕಾರು: ಸಂಬಳದಲ್ಲಿ ಹಿಡಿದ ಹಣ ತೆರಿಗೆ ಲೆಕ್ಕದಲ್ಲಿ ಎಲ್ಲಿ ಕಳೆಯುತ್ತದೆ, ಎಲ್ಲಿ ಕಳೆಯುವುದಿಲ್ಲ

ಫೆಬ್ರವರಿ, ಮಾರ್ಚ್ ಬಂತೆಂದರೆ ಪೇರೋಲ್ ವಿಭಾಗಕ್ಕೆ ತಪ್ಪದೆ ಬರುವ ಪ್ರಶ್ನೆ ಇದು: "ಮನೆ ಬಾಡಿಗೆ ಅಂತ, ಕಾರಿಗೆ ಅಂತ ತಿಂಗಳು ತಿಂಗಳೂ ನನ್ನ ಸಂಬಳದಲ್ಲಿ ಹಿಡ್ಕೊಂಡಿದ್ದೀರಲ್ಲ ಸರ್, ಮತ್ತೆ ಅದಕ್ಕೇ ಟ್ಯಾಕ್ಸ್ ಯಾಕೆ?" ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಮನೆಗೊಂದು, ಕಾರಿಗೊಂದು. ಸಂಬಳದ ಜೊತೆ ಕಂಪನಿ ಕೊಡುವ ಇಂಥ ಸೌಲಭ್ಯಗಳಿಗೆ ತೆರಿಗೆ ಭಾಷೆಯಲ್ಲಿ ಪರ್ಕ್ವಿಸಿಟ್ ಎನ್ನುತ್ತಾರೆ. ಅವುಗಳ ಬೆಲೆ ಕಟ್ಟುವುದು ಆದಾಯ ತೆರಿಗೆ ನಿಯಮಗಳ 3ನೇ ನಿಯಮ. ಕಂಪನಿಗೆ ಆದ ಖರ್ಚನ್ನೇ ಅದು ನೌಕರನ ಲಾಭವೆಂದು ಎಣಿಸುವುದಿಲ್ಲ. ಒಂದೊಂದು ಸೌಲಭ್ಯಕ್ಕೂ ಬೇರೆಯದೇ ಸೂತ್ರ ಇಟ್ಟಿದೆ. ನೌಕರನಿಂದ ವಸೂಲಾದ ಹಣವನ್ನು ಎಲ್ಲಿ ಕಳೆಯಬೇಕು ಎಂಬುದೂ ಆ ಸೂತ್ರದಲ್ಲೇ ಇದೆ. ತಪ್ಪುಗಳು ಹೆಚ್ಚಾಗಿ ಆಗುವುದು ಇಲ್ಲೇ.

ಇಲ್ಲಿರುವ ಅಂಕಿಗಳೆಲ್ಲ 2025-26ರ ಹಣಕಾಸು ವರ್ಷದವು, ಅಂದರೆ 1961ರ ಕಾಯಿದೆಯ ಲೆಕ್ಕ. 2026ರ ಏಪ್ರಿಲ್ 1ರಿಂದ ಅನ್ವಯ 2025ರ ಹೊಸ ಕಾಯಿದೆ. ಆಮೇಲಿನ ವರ್ಷಗಳಿಗೆ ಹೊಸ ನಿಯಮಗಳ ಅಂಕಿ ನೋಡದೆ ಇವನ್ನೇ ಎತ್ತಿ ಬಳಸಬಾರದು.

ಲೆಕ್ಕಕ್ಕೆ ಬೆಂಗಳೂರಿನ ಒಬ್ಬ ಮ್ಯಾನೇಜರ್ ಇದ್ದಾರೆ ಎಂದಿಟ್ಟುಕೊಳ್ಳೋಣ. ತಿಂಗಳಿಗೆ ಮೂಲ ವೇತನ 80,000 ರೂಪಾಯಿ, ವಿಶೇಷ ಭತ್ಯೆ 40,000, ವರ್ಷಕ್ಕೊಮ್ಮೆ 1,20,000 ಬೋನಸ್. ಕಂಪನಿ ತಿಂಗಳಿಗೆ 35,000 ಬಾಡಿಗೆ ಕೊಟ್ಟು ಮನೆ ಮಾಡಿಕೊಟ್ಟಿದೆ, ಅವರ ಸಂಬಳದಿಂದ 5,000 ಹಿಡಿಯುತ್ತದೆ. ಜೊತೆಗೆ ಕಡಿಮೆ ಬಡ್ಡಿಯ ಒಂದು ಸಾಲ, ಡ್ರೈವರ್ ಸಮೇತ ಒಂದು ಕಾರು.

ಮೊದಲು ಮನೆ. ಕಂಪನಿ ಬಾಡಿಗೆಗೆ ಪಡೆದು ಕೊಟ್ಟ ಮನೆಯಾದರೆ, ಕಂಪನಿ ಕೊಡುವ ಬಾಡಿಗೆ ಅಥವಾ 'ಸಂಬಳ'ದ 10%, ಇವೆರಡರಲ್ಲಿ ಕಡಿಮೆಯದನ್ನು ತೆಗೆದುಕೊಳ್ಳಬೇಕು. 2023ರ ಆಗಸ್ಟ್ ಕೊನೆಯವರೆಗೆ ಇದು 15% ಇತ್ತು, ಸೆಪ್ಟೆಂಬರ್ 1ರಿಂದ 10%ಗೆ ಇಳಿಯಿತು. ಈ 'ಸಂಬಳ' ಅನ್ನುವುದು ಮೂಲ ವೇತನವಷ್ಟೇ ಅಲ್ಲ. ತೆರಿಗೆಗೆ ಒಳಪಡುವ ಭತ್ಯೆಗಳು, ಬೋನಸ್, ಕಮಿಷನ್ ಎಲ್ಲವೂ ಸೇರುತ್ತವೆ. ತುಟ್ಟಿಭತ್ಯೆಯನ್ನು ಮಾತ್ರ ನಿವೃತ್ತಿ ಸೌಲಭ್ಯಗಳ ಲೆಕ್ಕಕ್ಕೆ ಹಿಡಿಯುವಂತಿದ್ದರೆ ಸೇರಿಸಬೇಕು, ಇಲ್ಲವಾದರೆ ಬಿಡಬೇಕು. ಕಂಪನಿ ಕಟ್ಟುವ ಪಿಎಫ್, ತೆರಿಗೆ ವಿನಾಯಿತಿ ಇರುವ ಭತ್ಯೆ, ಇತರ ಪರ್ಕ್ವಿಸಿಟ್‌ಗಳ ಬೆಲೆ ಸೇರುವುದಿಲ್ಲ. ಹಾಗಾಗಿ ಕೆಳಗೆ ಬರುವ ಸಾಲದ, ಕಾರಿನ ಮೊತ್ತಗಳನ್ನು ಈ ಲೆಕ್ಕಕ್ಕೆ ತರಬೇಕಿಲ್ಲ.

ನಮ್ಮ ಮ್ಯಾನೇಜರ್‌ಗೆ 9,60,000, 4,80,000, 1,20,000 ಸೇರಿ 15,60,000. ಅದರ 10% ಎಂದರೆ 1,56,000. ಕಂಪನಿ ಕಟ್ಟುವ ಬಾಡಿಗೆ ವರ್ಷಕ್ಕೆ 4,20,000. ಕಡಿಮೆಯದು 1,56,000. ಅದರಿಂದ ಅವರು ಕೊಟ್ಟ 60,000 ಕಳೆದರೆ ತೆರಿಗೆಗೆ ಬರುವುದು 96,000. ಕಳೆಯುವುದು ಕೊನೆಯಲ್ಲಿ. ಮೊದಲೇ 4,20,000ದಿಂದ 60,000 ಕಳೆದು, ಆಮೇಲೆ 1,56,000ದ ಜೊತೆ ಹೋಲಿಸಿ 1,56,000 ಎಂದೇ ಬರೆದುಬಿಟ್ಟರೆ ನೌಕರ ಕೊಟ್ಟ ಬಾಡಿಗೆ ಗಾಳಿಗೆ ಹೋದಂತೆ. ಇದಕ್ಕೆ ತದ್ವಿರುದ್ಧದ ತಪ್ಪು ಮೂಲ ವೇತನದ ಮೇಲಷ್ಟೇ 10% ಹಾಕುವುದು. ಆಗ 96,000ದಿಂದ 60,000 ಹೋಗಿ 36,000 ಬರುತ್ತದೆ, ಅಂದರೆ ತೆರಿಗೆಗೆ ಬರಬೇಕಾದ ಮೊತ್ತ 60,000 ಕಮ್ಮಿ. ಸಾಫ್ಟ್‌ವೇರ್‌ನಲ್ಲಿ ಹೊಸ ಭತ್ಯೆಯೊಂದನ್ನು ಸೃಷ್ಟಿಸಿ, ಮನೆಯ ಲೆಕ್ಕಕ್ಕೆ ಸೇರಿಸುವ ಗುರುತು ಹಾಕುವುದನ್ನು ಮರೆತರೂ ಆಗುವುದು ಇದೇ.

ಮನೆ ಕಂಪನಿಯ ಸ್ವಂತದ್ದಾದರೆ ಬಾಡಿಗೆಯ ಮಾತೇ ಇಲ್ಲ. 2011ರ ಜನಗಣತಿ ಪ್ರಕಾರ 40 ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರದಲ್ಲಿ ಸಂಬಳದ 10%, 15ರಿಂದ 40 ಲಕ್ಷದ ನಗರದಲ್ಲಿ 7.5%, ಉಳಿದ ಕಡೆ 5%. ಕರ್ನಾಟಕದ ಮಟ್ಟಿಗೆ ಇದು ಸುಲಭ: ಬೆಂಗಳೂರಿಗೆ 10%, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು ಸೇರಿ ಮಿಕ್ಕ ಎಲ್ಲ ಊರಿಗೂ 5%. ಆದರೆ ಊರು ನೋಡಿ ಶೇಕಡಾ ಬದಲಾಗುವುದು ಸ್ವಂತ ಮನೆಗೆ ಮಾತ್ರ. ಮೈಸೂರಿನಲ್ಲಿ ಕಂಪನಿ ಬಾಡಿಗೆಗೆ ಹಿಡಿದ ಮನೆಗೂ 10%ರ ಹೋಲಿಕೆಯೇ ಅನ್ವಯ. ಮೈಸೂರು ಶಾಖೆಯ ಎಲ್ಲರಿಗೂ 5% ಎಂದು ಒಂದೇ ಏಟಿಗೆ ಹಾಕಿಬಿಡುವುದು ಬಹಳ ಸಾಮಾನ್ಯವಾದ ಎಡವಟ್ಟು. ಎರಡೂ ಬಗೆಯ ಮನೆಯಲ್ಲಿ ಪೀಠೋಪಕರಣ, ಫ್ರಿಜ್, ಏಸಿ ಕೊಟ್ಟಿದ್ದರೆ, ಅವು ಕಂಪನಿಯವಾದರೆ ಖರೀದಿ ಬೆಲೆಯ ವಾರ್ಷಿಕ 10%, ಬಾಡಿಗೆಯವಾದರೆ ಆ ಬಾಡಿಗೆ ಮೇಲಿನ ಮೊತ್ತಕ್ಕೆ ಸೇರುತ್ತದೆ.

ಹೆಚ್ಚು ಕೆಲಸ ಕೊಡುವುದು ಸಾಲ. ಇಲ್ಲಿ ಅಳತೆಗೋಲು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದ ಬಡ್ಡಿ ದರ. ಅದೂ ಆ ಹಣಕಾಸು ವರ್ಷದ ಮೊದಲ ದಿನದಂದು, ಅದೇ ಉದ್ದೇಶದ ಸಾಲಕ್ಕೆ ಎಸ್‌ಬಿಐ ಹಾಕುತ್ತಿದ್ದ ದರ. ಗೃಹ ಸಾಲಕ್ಕೆ ಗೃಹ ಸಾಲದ್ದು, ವೈಯಕ್ತಿಕ ಸಾಲಕ್ಕೆ ವೈಯಕ್ತಿಕ ಸಾಲದ್ದು. 2025ರಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಏಪ್ರಿಲ್, ಜೂನ್, ಡಿಸೆಂಬರ್‌ಗಳಲ್ಲಿ ಇಳಿಸುತ್ತಾ 6.25%ರಿಂದ 5.25%ಗೆ ತಂದಿತು. ಬ್ಯಾಂಕ್ ಬಡ್ಡಿ ಇಳಿದರೂ ಈ ಲೆಕ್ಕದಲ್ಲಿ ಏಪ್ರಿಲ್ 1ರ ದರವೇ ವರ್ಷವಿಡೀ ನಿಲ್ಲುತ್ತದೆ. ಸಾಲ ಡಿಸೆಂಬರ್‌ನಲ್ಲಿ ಕೊಟ್ಟಿದ್ದರೂ ಅಷ್ಟೇ. ಎಸ್‌ಬಿಐ ದರವನ್ನೇ ಅಳತೆಗೋಲಾಗಿ ಇಟ್ಟದ್ದು ಅನ್ಯಾಯವೆಂದು ಬ್ಯಾಂಕ್ ಅಧಿಕಾರಿಗಳ ಸಂಘಟನೆಗಳು ಸುಪ್ರೀಂ ಕೋರ್ಟ್‌ವರೆಗೂ ಹೋಗಿದ್ದವು. ಎಲ್ಲರಿಗೂ ಒಂದೇ ಅಳತೆ ಇರಲು ಎಸ್‌ಬಿಐ ದರ ಇಟ್ಟುಕೊಂಡದ್ದು ತಪ್ಪಲ್ಲವೆಂದು ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿತು.

ದರ ಗೊತ್ತಾದ ಮೇಲೆ ಬಾಕಿ. ಪ್ರತಿ ತಿಂಗಳ ಕೊನೆಯ ದಿನ ಎಷ್ಟು ಬಾಕಿ ಉಳಿದಿದೆಯೋ ಅದರ ಮೇಲೆ ಆ ತಿಂಗಳ ಬಡ್ಡಿ. ನಮ್ಮ ಮ್ಯಾನೇಜರ್ ಜೂನ್ 10ರಂದು 2,40,000 ಸಾಲ ಪಡೆದರು, ಜುಲೈನಿಂದ ಪ್ರತಿ ತಿಂಗಳ ಕೊನೆಯ ದಿನ ಸಂಬಳದಲ್ಲಿ ಅಸಲಿಗೆ 20,000 ಹಿಡಿಯುತ್ತಾರೆ ಎನ್ನೋಣ. ಜೂನ್ ಕೊನೆಗೆ 2,40,000, ಜುಲೈ ಕೊನೆಗೆ 2,20,000, ಹೀಗೆ ಇಳಿಯುತ್ತಾ ಮಾರ್ಚ್ ಕೊನೆಗೆ 60,000. ಹತ್ತು ತಿಂಗಳ ಬಾಕಿ ಕೂಡಿದರೆ 15,00,000. ಎಸ್‌ಬಿಐ ದರ 12% ಎಂದಿಟ್ಟುಕೊಂಡರೆ ತಿಂಗಳಿಗೆ 1%, ಒಟ್ಟು 15,000. ಕಂಪನಿ 4% ಲೆಕ್ಕದಲ್ಲಿ 5,000 ಬಡ್ಡಿ ವಸೂಲು ಮಾಡಿದೆ. ಅದನ್ನು ಕಳೆದರೆ ಪರ್ಕ್ವಿಸಿಟ್ 10,000. ಬಾಕಿ ಇಳಿಯುವುದನ್ನೇ ಗಮನಿಸದೆ 2,40,000ಕ್ಕೆ 8% ವ್ಯತ್ಯಾಸವನ್ನು ಹತ್ತು ತಿಂಗಳಿಗೆ ಹಾಕಿದವರಿಗೆ 16,000 ಬರುತ್ತದೆ.

ತಿಂಗಳ ಕೊನೆಯ ದಿನ ಅನ್ನುವುದು ಸಣ್ಣ ವಿಷಯವಲ್ಲ. ಇದೇ ಕಂತನ್ನು ಲೆಡ್ಜರ್‌ನಲ್ಲಿ ಮುಂದಿನ ತಿಂಗಳ 1ನೇ ತಾರೀಖಿಗೆ ಜಮಾ ಮಾಡಿದರೆ, ಜುಲೈನಿಂದ ಮಾರ್ಚ್‌ವರೆಗಿನ ಒಂಬತ್ತು ತಿಂಗಳೂ ಬಾಕಿ 20,000 ಹೆಚ್ಚಾಗಿ ಕಾಣುತ್ತದೆ. 15,000 ಬರಬೇಕಾದಲ್ಲಿ 16,800 ಆಗುತ್ತದೆ. ಸಂಬಳದ ಚೀಟಿಯಲ್ಲಿ 31ಕ್ಕೇ ಕಡಿತ ತೋರಿಸಿ ಸಾಲದ ಖಾತೆಯಲ್ಲಿ 1ಕ್ಕೆ ತೋರಿಸುವ ಕಂಪನಿಗಳಲ್ಲಿ ನೌಕರರು ಕೇಳಬೇಕಾದದ್ದು ಇದನ್ನೇ.

ಕಳೆಯುವ ವಿಚಾರದಲ್ಲಿ ನಿಯಮ ಹೇಳುವುದು ವಾಸ್ತವವಾಗಿ ಪಾವತಿಸಿದ ಬಡ್ಡಿಯನ್ನು. ಅಸಲು ಮೊದಲು, ಬಡ್ಡಿ ಕೊನೆಯಲ್ಲಿ ಎಂಬ ಯೋಜನೆ ಇರುವ ಕಡೆ ಮೊದಲ ವರ್ಷಗಳಲ್ಲಿ ಪುಸ್ತಕದಲ್ಲಿ ಬಡ್ಡಿ ಬೆಳೆಯುತ್ತಿದ್ದರೂ ಕೈಯಿಂದ ಹೋಗಿರುವುದಿಲ್ಲ. ಹಾಗಾಗಿ ಆ ವರ್ಷಗಳ ಪರ್ಕ್ವಿಸಿಟ್ ದೊಡ್ಡದಾಗಿ ಕಾಣುತ್ತದೆ. ಸಾಲ ಒಪ್ಪಿಕೊಳ್ಳುವ ಮೊದಲೇ ಇದನ್ನು ನೌಕರರಿಗೆ ಬಿಡಿಸಿ ಹೇಳುವುದು ಒಳ್ಳೆಯದು.

20,000 ರೂಪಾಯಿವರೆಗಿನ ಸಾಲಕ್ಕೆ ತೆರಿಗೆ ಇಲ್ಲ. ಆದರೆ ಇದು ಎಲ್ಲ ಸಾಲ ಸೇರಿಸಿದ ಮಿತಿ. ಹಬ್ಬದ ಸಾಲ 15,000, ಇನ್ನೊಂದು ಸಾಲ 10,000 ಎಂದರೆ ಮಿತಿ ದಾಟಿತು, ದಾಟಿದ 5,000ಕ್ಕೆ ಮಾತ್ರವಲ್ಲ, ಎರಡೂ ಲೆಕ್ಕಕ್ಕೆ ಬರುತ್ತವೆ. ನಿಯಮ 3ಎಯಲ್ಲಿ ಹೆಸರಿಸಿದ ಕಾಯಿಲೆಗಳ ಚಿಕಿತ್ಸೆಗೆ ಕೊಟ್ಟ ಸಾಲಕ್ಕೆ ವಿನಾಯಿತಿ ಇದೆ. ವಿಮೆಯಿಂದ ಮರಳಿ ಬಂದಷ್ಟು ಹಣಕ್ಕೆ ಮಾತ್ರ ಆ ವಿನಾಯಿತಿ ಸಿಗುವುದಿಲ್ಲ.

ಇನ್ನು ಕಾರು. ಕಚೇರಿ ಕೆಲಸಕ್ಕೂ ಸ್ವಂತಕ್ಕೂ ಬಳಸುವ ಕಂಪನಿ ಕಾರಿನ ಖರ್ಚನ್ನೆಲ್ಲ ಕಂಪನಿಯೇ ನೋಡಿಕೊಂಡರೆ, ಎಂಜಿನ್ 1.6 ಲೀಟರ್‌ವರೆಗೆ ತಿಂಗಳಿಗೆ 1,800, ಅದಕ್ಕಿಂತ ದೊಡ್ಡದಾದರೆ 2,400, ಡ್ರೈವರ್ ಇದ್ದರೆ ಇನ್ನೂ 900. ಕಾರಿನ ಬೆಲೆ ಇಲ್ಲಿ ಬರುವುದೇ ಇಲ್ಲ. ಬಹಳ ದುಬಾರಿ ಕಾರಿಗೂ 1.5 ಲೀಟರ್ ಎಂಜಿನ್ ಇದ್ದರೆ 1,800ರ ಲೆಕ್ಕವೇ. ಮನೆಯಿಂದ ಕಚೇರಿಗೆ ಹೋಗಿಬರುವುದನ್ನು ಸ್ವಂತ ಬಳಕೆ ಎಂದು ಎಣಿಸುವುದಿಲ್ಲ.

ನಮ್ಮ ಮ್ಯಾನೇಜರ್‌ರದು ದೊಡ್ಡ ಎಂಜಿನ್, ಡ್ರೈವರ್ ಇದ್ದಾನೆ: ತಿಂಗಳಿಗೆ 3,300, ವರ್ಷಕ್ಕೆ 39,600. ಕಂಪನಿ ಅವರ ಸಂಬಳದಿಂದ ಕಾರಿನ ಬಾಬ್ತು ತಿಂಗಳಿಗೆ 2,000 ಹಿಡಿಯುತ್ತಿದೆ ಎನ್ನೋಣ. ಆ 24,000ದಲ್ಲಿ ಒಂದು ರೂಪಾಯಿಯೂ ಕಳೆಯುವಂತಿಲ್ಲ. ಎರಡೂ ಬಳಕೆಯ ಕಾರಿಗೆ ನಿಗದಿ ಮೊತ್ತವೇ ಕೊನೆ. ಸಂಪೂರ್ಣ ಸ್ವಂತ ಬಳಕೆಗೆ ಕೊಟ್ಟ ಕಾರಿನಲ್ಲಿ ಮಾತ್ರ ವಸೂಲಾದದ್ದು ಕಳೆಯುತ್ತದೆ. ಅಲ್ಲಿ ಓಡಾಟದ ನಿಜವಾದ ಖರ್ಚು, ಡ್ರೈವರ್ ಸಂಬಳ, ಕಾರಿನ ಬೆಲೆಯ ವಾರ್ಷಿಕ 10% ಸವಕಳಿ ಎಲ್ಲ ಸೇರುವುದರಿಂದ ಮೊತ್ತವೂ ದೊಡ್ಡದು.

ಆದರೆ ಒಂದು ದಾರಿ ಇದೆ. ಸ್ವಂತ ಓಡಾಟದ ಪೆಟ್ರೋಲು, ನಿರ್ವಹಣೆಯನ್ನು ನೌಕರನೇ ನೇರವಾಗಿ ಭರಿಸುವ ವ್ಯವಸ್ಥೆಯಾದರೆ ಮೊತ್ತ 1,800ರ ಬದಲು 600, 2,400ರ ಬದಲು 900. ಡ್ರೈವರ್‌ನ 900 ಹಾಗೇ ಇರುತ್ತದೆ. ಈ ಪ್ರಕರಣದಲ್ಲಿ ವರ್ಷಕ್ಕೆ 21,600, ಅಂದರೆ 18,000 ಕಡಿಮೆ. ಹೆಚ್ಚುಕಡಿಮೆ ಅಷ್ಟೇ ಹಣ ನೌಕರನ ಜೇಬಿನಿಂದ ಹೋದರೂ, ಸಂಬಳದ ಕಡಿತವಾಗಿ ಹೋದರೆ ಪ್ರಯೋಜನವಿಲ್ಲ, ಖರ್ಚಾಗಿ ಹೋದರೆ ಇದೆ. ಕಾರು ನೀತಿಯನ್ನು ಬರೆಯುವವರು ಇದನ್ನು ಯೋಚಿಸುವುದು ಅಪರೂಪ. ಹೀಗೆ ಮಾಡಿದರೆ ಸ್ವಂತ ಓಡಾಟದ ಬಿಲ್ಲುಗಳು ಕಂಪನಿಯ ಖಾತೆಗೆ ಬರಬಾರದು. ಫ್ಯೂಯೆಲ್ ಕಾರ್ಡ್‌ನಲ್ಲಿ ಭಾನುವಾರದ ಊರಾಚೆಯ ಬಂಕ್ ಕಾಣಿಸಿಕೊಂಡರೆ ವ್ಯವಸ್ಥೆ ಕಾಗದದ ಮೇಲಷ್ಟೇ ಇದೆ ಎಂದಾಯಿತು. ಕಾರು ಪೂರ್ತಿ ಕಚೇರಿ ಕೆಲಸಕ್ಕೇ ಎಂದು ಶೂನ್ಯ ತೋರಿಸುವುದಾದರೆ ದಿನಾಂಕ, ಹೋದ ಜಾಗ, ಕಿಲೋಮೀಟರ್, ಖರ್ಚು ಇರುವ ಲಾಗ್‌ಬುಕ್ ಮತ್ತು ಕಂಪನಿಯ ಪ್ರಮಾಣಪತ್ರ ಎರಡೂ ಬೇಕು. ಒಂದೇ ಪೆನ್ನಿನಲ್ಲಿ ಮಾರ್ಚ್‌ನಲ್ಲಿ ಕೂತು ತುಂಬಿಸಿದ ಲಾಗ್‌ಬುಕ್ ನೋಡಿದವರಿಗೆ ಗೊತ್ತಾಗುತ್ತದೆ.

ಇಷ್ಟೂ ಕೊನೆಗೆ ಬಂದು ಕೂರುವುದು ಫಾರ್ಮ್ 16ರ ಜೊತೆ ಕೊಡುವ ಫಾರ್ಮ್ 12ಬಿಎಯಲ್ಲಿ. ಒಂದೊಂದು ಸೌಲಭ್ಯಕ್ಕೂ ಮೂರು ಅಂಕಣ: ನಿಯಮದ ಪ್ರಕಾರ ಬೆಲೆ, ನೌಕರನಿಂದ ವಸೂಲು, ತೆರಿಗೆಗೆ ಒಳಪಡುವ ಮೊತ್ತ. ಈ ಮ್ಯಾನೇಜರ್‌ಗೆ ಮನೆಯ ಸಾಲಿನಲ್ಲಿ 1,56,000, 60,000, 96,000; ಸಾಲದ ಸಾಲಿನಲ್ಲಿ 15,000, 5,000, 10,000; ಕಾರಿನ ಸಾಲಿನಲ್ಲಿ 39,600, ಸೊನ್ನೆ, 39,600. ಒಟ್ಟು 1,45,600. ಇದು ಫಾರ್ಮ್ 16ರ ಭಾಗ ಬಿಯಲ್ಲಿ ಕಲಂ 17(2)ರ ಎದುರಿನ ಮೊತ್ತಕ್ಕೆ ತಾಳೆಯಾಗಬೇಕು. ಎರಡೂ ಬಳಕೆಯ ಕಾರಿನ ಸಾಲಿನಲ್ಲಿ ವಸೂಲಿನ ಅಂಕಣದಲ್ಲಿ ಏನಾದರೂ ಅಂಕಿ ಕಂಡರೆ, ಅಥವಾ ಬಾಡಿಗೆ ಹಿಡಿಯುತ್ತಿದ್ದರೂ ಮನೆಯ ಸಾಲಿನಲ್ಲಿ ಅದು ಸೊನ್ನೆ ಇದ್ದರೆ, ಕಂಪನಿಗೆ ಬರೆದು ತಿಳಿಸಿ, ಟಿಡಿಎಸ್ ರಿಟರ್ನ್ ತಿದ್ದಿಸಿ ಹೊಸ ಫಾರ್ಮ್ 16 ಪಡೆಯಬೇಕು. ತಾನೇ ರಿಟರ್ನ್‌ನಲ್ಲಿ ಬೇರೆ ಅಂಕಿ ಹಾಕಿದರೆ ಕಂಪನಿ ಸಲ್ಲಿಸಿದ ಮಾಹಿತಿಯೊಂದಿಗೆ ಹೊಂದದೆ ನೋಟಿಸ್ ಬರುವ ಸಾಧ್ಯತೆ ಇದೆ.