ಪಟ್ಟಿಯಿಂದ ಮಾಯವಾದ ಷೇರುಗಳು: ಈಕ್ವಲ್ ವೇಟ್ ಲೆಕ್ಕ ಕೊನೆಗೂ ಕೂತಿತು

ಮೂರು ವಾರ ಕಾಡಿದ ಲೆಕ್ಕ ನಿನ್ನೆ ರಾತ್ರಿ ಕೂತಿತು. ನಿಫ್ಟಿ 50ರ ಈಕ್ವಲ್ ವೇಟ್ ಸೂಚ್ಯಂಕವನ್ನು, ಅಂದರೆ ಐವತ್ತೂ ಷೇರಿಗೆ ಸಮ ತೂಕ ಕೊಡುವ ಸೂಚ್ಯಂಕವನ್ನು, 2008ರಿಂದ ನಾನೇ ಕಟ್ಟಿ, ಅಧಿಕೃತ ಸೂಚ್ಯಂಕದ ಜೊತೆ ತಾಳೆ ನೋಡೋಣ ಅಂತ ಹೊರಟಿದ್ದೆ. ಬೋನಸ್, ಸ್ಪ್ಲಿಟ್ ಸರಿಪಡಿಸೋದು ನಿಮಗೆ ಗೊತ್ತಿರುವುದೇ, ಬಿಡಿ. ಡಿವಿಡೆಂಡ್ ಸೇರಿಸಿ, ಡಿವಿಡೆಂಡನ್ನೂ ಲೆಕ್ಕ ಹಿಡಿಯುವ ಅಧಿಕೃತ ಟಿಆರ್‌ಐ ಜೊತೆಗೇ ಹೋಲಿಸಿದೆ. ಆದರೂ ನನ್ನ ಗೆರೆ ಅಧಿಕೃತ ಗೆರೆಯನ್ನು ಬಿಟ್ಟು ಮೇಲೆ ಮೇಲೆ ಹೋಗುತ್ತಿತ್ತು. ಅದೇ ಡೇಟಾದಲ್ಲಿ ಕಟ್ಟಿದ, ದೊಡ್ಡ ಕಂಪನಿಗೆ ದೊಡ್ಡ ತೂಕ ಕೊಡುವ ಮಾರ್ಕೆಟ್ ಕ್ಯಾಪ್ ಸೂಚ್ಯಂಕವೂ ತಪ್ಪುತ್ತಿತ್ತು, ಆದರೆ ಅಷ್ಟು ಜಾಸ್ತಿ ಅಲ್ಲ.

ಸುಳಿವು ಸಿಕ್ಕಿದ್ದು ಕಲಬುರಗಿಯ ಗಂಜ್‌ನಲ್ಲಿ, ದಾಲ್ ಮಿಲ್ ನಡೆಸುವ ಗೆಳೆಯನ ಗದ್ದಿಯ ಮೇಲೆ. ನನ್ನ ಗೋಳು ಕೇಳಿ ಅವರು ಅಂದರು: “ಇವತ್ತು ನಡಿಯೋ ಮಿಲ್ ಅಷ್ಟೇ ಎಣಸಿದ್ರ, ಈ ಧಂದೆನಾಗ ಯಾರೂ ಮುಳುಗೇ ಇಲ್ಲ ಅನಸ್ತದ ನೋಡ್ರಿ. ಮುಚ್ಚಿದ್ದು ಎಣಸೀರೇನು?”

ಎಣಿಸಿರಲಿಲ್ಲ. ದುಡ್ಡು ಕೊಟ್ಟು ತಂದ ಫೈಲಿನಲ್ಲಿ ‘ಸದಸ್ಯರ ಪಟ್ಟಿ’ ಅಂತ ಇದ್ದದ್ದು ಇವತ್ತಿನ 50 ಹೆಸರು. ಕೇಳಿದರೆ “ಬೆಲೆ ಹಳೆಯದೇ ಇದೆಯಲ್ಲ ಸರ್” ಅಂದರು ಮಾರಿದವರು. ಬೆಲೆ ಹಳೆಯದು, ಪಟ್ಟಿ ಹೊಸದು, ಅಲ್ವಾ? 2008ರ ಶುರುವಿನಲ್ಲಿ ನಿಫ್ಟಿಯಲ್ಲಿ ಯುನಿಟೆಕ್, ಸುಜ್ಲಾನ್, ರಿಲಯನ್ಸ್ ಕಮ್ಯುನಿಕೇಷನ್ಸ್, ಸತ್ಯಂ ಇದ್ದವು. ನನ್ನ ಲೆಕ್ಕದಲ್ಲಿ ಒಂದೂ ಇರಲಿಲ್ಲ. ಮುಂದೆ ಗೆದ್ದು ಒಳಗೆ ಬಂದವನ್ನು ಮಾತ್ರ ನಾನು 2008ರಲ್ಲೇ ಕೊಂಡಂತೆ ಆಗಿತ್ತು.

ಈಕ್ವಲ್ ವೇಟ್‌ಗೆ ಏಟು ಯಾಕೆ ಜಾಸ್ತಿ? ಕಾಗದದ ಮೇಲೆ ಮಾಡಿ ನೋಡಿದೆ. 1 ಲಕ್ಷ ರೂಪಾಯಿ, 50 ಷೇರು, ತಲಾ 2,000. ಒಂದು ಷೇರು 400ರಿಂದ 25ಕ್ಕೆ ಬೀಳುತ್ತದೆ, ಪ್ರತಿ ತ್ರೈಮಾಸಿಕ ಅರ್ಧದಂತೆ ನಾಲ್ಕು ಸಲ. ಉಳಿದ 49 ಕದಲುವುದಿಲ್ಲ ಅಂದುಕೊಳ್ಳಿ. ಸುಮ್ನೆ ಇಟ್ಟುಕೊಂಡರೆ 2,000 ಹೋಗಿ 125 ಉಳಿಯುತ್ತದೆ. ನಷ್ಟ 1,875. ಆದರೆ ಈಕ್ವಲ್ ವೇಟ್ ಪ್ರತಿ ಮೂರು ತಿಂಗಳಿಗೆ ಆ ಷೇರನ್ನು ಮತ್ತೆ 2 ಶೇಕಡಾಕ್ಕೆ ತುಂಬಿಸುತ್ತದೆ. ಹಾಗೆ ಪ್ರತಿ ಸಲ ಮೊತ್ತದ 1 ಶೇಕಡಾ ಕರಗಿ, ನಾಲ್ಕು ಸಲಕ್ಕೆ ಸುಮಾರು 3,940 ಹೋಗುತ್ತದೆ. ಎರಡರಷ್ಟಕ್ಕಿಂತ ಜಾಸ್ತಿ. ಮಾರ್ಕೆಟ್ ಕ್ಯಾಪ್ ಸೂಚ್ಯಂಕದಲ್ಲಿ ಬೀಳುವ ಷೇರಿನ ತೂಕ ತಾನೇ ಇಳಿಯುತ್ತದೆ, ಯಾರೂ ತುಂಬಿಸುವುದಿಲ್ಲ. ಬಿದ್ದದ್ದು ಎದ್ದರೆ ಇದೇ ತುಂಬಿಸುವಿಕೆ ಲಾಭ ತರುತ್ತದೆ. ಏಳದೇ ಹೋದ ಷೇರುಗಳನ್ನೇ ಪಟ್ಟಿಯಿಂದ ಅಳಿಸಿದರೆ ಲಾಭದ ಮುಖ ಮಾತ್ರ ಕಾಣುತ್ತದೆ.

ಹಳೆಯ ಸೇರ್ಪಡೆ-ನಿರ್ಗಮನದ ಪ್ರಕಟಣೆಗಳನ್ನು ಒಂದೊಂದಾಗಿ ಕೂತು ಟೈಪ್ ಮಾಡಿದೆ. ಆಮೇಲೆ ಇಷ್ಟೇ:

```python
hist["end"] = hist["end"].fillna(pd.Timestamp("2099-12-31"))
m = hist[(hist["start"] <= d) & (hist["end"] > d)]
w = 1 / len(m)
```

ಮೊದಲ ಸಾಲು ಬಿಟ್ಟರೆ ಇವತ್ತಿಗೂ ಒಳಗಿರುವ ಷೇರುಗಳೇ ಉದುರಿ ಹೋಗುತ್ತವೆ. ಅದಕ್ಕೆ ಒಂದು ದಿನ ಹಾಳಾಯಿತು. ಪ್ರತಿ ದಿನಾಂಕಕ್ಕೂ `len(m)` ಮುದ್ರಿಸಿ ನೋಡಿ, 50 ಬರಬೇಕು. 2016ರ ಏಪ್ರಿಲ್ ನಂತರ ಕೆಲಕಾಲ 51 ಬಂದರೆ ಗಾಬರಿ ಬೇಡ, ಟಾಟಾ ಮೋಟರ್ಸ್‌ನ ಎರಡನೇ ಬಗೆಯ ಷೇರು ಡಿವಿಆರ್ ಕೂಡ ಸೂಚ್ಯಂಕದಲ್ಲಿತ್ತು.

ಈಗ ಎರಡು ಗೆರೆಗಳೂ ಒಂದರ ಮೇಲೊಂದು ಕೂರುತ್ತವೆ. ಮಾಮೂಲಿ ನಿಫ್ಟಿಗೆ ಹೋಲಿಸಿದರೆ ಈಕ್ವಲ್ ವೇಟ್ ಕೆಲ ವರ್ಷ ಮುಂದೆ, ಕೆಲ ವರ್ಷ ಹಿಂದೆ. ದೊಡ್ಡ ಷೇರುಗಳು ಓಡುವಾಗ ಇದು ಹಿಂದೆ ಬೀಳುತ್ತದೆ, ನಿಫ್ಟಿಯ ಅರ್ಧಕ್ಕಿಂತ ಜಾಸ್ತಿ ತೂಕ ಮೊದಲ ಹತ್ತರಲ್ಲೇ ಇದೆ.

ಇದೇ ಕಣ್ಣಿನಿಂದ, ಈಚೆಗೆ ಜೋರಾಗಿ ಏರಿದ ಷೇರುಗಳನ್ನೇ ಕೊಳ್ಳುವ ಮೊಮೆಂಟಮ್ ಫಂಡ್‌ಗಳ ಜಾಹೀರಾತನ್ನೂ ನೋಡಿದೆ. ನಿಫ್ಟಿ200 ಮೊಮೆಂಟಮ್ 30 ಬಂದದ್ದು 2020ರಲ್ಲಿ, ಗೆರೆ ಶುರುವಾಗುವುದು 2005ರಿಂದ. ಪಟ್ಟಿ ಆಯಾ ಕಾಲದ್ದೇ ಇರಬಹುದು. ಆದರೆ 6 ಮತ್ತು 12 ತಿಂಗಳ ಏರಿಕೆಯನ್ನು ಏರಿಳಿತದಿಂದ ಭಾಗಿಸುವ ಸೂತ್ರವನ್ನು ಆರಿಸಿದ್ದು ಆ ವರ್ಷಗಳನ್ನು ಕಂಡ ಮೇಲೆ. ಹಾಗಾಗಿ 2020ರ ಹಿಂದಿನ ಭಾಗವನ್ನು ನಾನು ಸಾಕ್ಷಿ ಅಂತ ಹಿಡಿಯುವುದಿಲ್ಲ. ಜೂನ್, ಡಿಸೆಂಬರ್‌ನಲ್ಲಿ ಮಾತ್ರ ಷೇರು ಬದಲಾಗುವುದರಿಂದ ಮಧ್ಯದಲ್ಲಿ ಗಾಳಿ ತಿರುಗಿದರೆ ಏಟು ಪೂರ್ತಿ ತಿನ್ನಬೇಕು. 2024ರ ಸೆಪ್ಟೆಂಬರ್ ನಂತರದ ಕುಸಿತದಲ್ಲಿ ಅದು ನಿಫ್ಟಿಗಿಂತ ಬಹಳ ಜಾಸ್ತಿ ಬಿತ್ತು. ನನ್ನ ನಿರೀಕ್ಷೆ: ದೀರ್ಘಕಾಲಕ್ಕೆ ಸ್ವಲ್ಪ ಹೆಚ್ಚು, ನಡುವೆ ಎರಡು ಮೂರು ವರ್ಷ ಹಿಂದೆ ಬೀಳುವ ಸಂಕಟ. ಏರಿಳಿತ ಕಡಿಮೆ ಇರುವ ಷೇರುಗಳನ್ನು ಆರಿಸುವ ಲೋ ವೊಲಾಟಿಲಿಟಿ ಫಂಡ್‌ಗಳಿಂದ ನಾನು ಕೇಳೋದು ಬೀಳುವಾಗ ಕಡಿಮೆ ಪೆಟ್ಟು ಅಷ್ಟೇ. ಜೋರು ಏರಿಕೆಯಲ್ಲಿ ಅದು ಹಿಂದುಳಿದರೆ ದೂರುವಂತಿಲ್ಲ.

ಮುಂದಿನ ಕೆಲಸ ತೊಗರಿ. ಇಲ್ಲಿನ ಎಪಿಎಂಸಿ ಬೆಲೆಗೂ ಮೊಮೆಂಟಮ್ ಲೆಕ್ಕ ಹಚ್ಚಬೇಕು ಅಂತ ಆಸೆ. ಸುಗ್ಗಿಯಲ್ಲಿ ಆವಕ ಜಾಸ್ತಿಯಾಗಿ ಬೆಲೆ ಇಳಿಯೋದು ಪ್ರತಿ ವರ್ಷದ ಕಥೆ, ಅದನ್ನು ತೆಗೆದ ಮೇಲೆ ಏನಾದರೂ ಉಳಿಯುತ್ತದಾ ನೋಡಬೇಕು. ಗೆಳೆಯರು ಹಳೆಯ ಖಾತೆ ಪುಸ್ತಕ ಕೊಡುತ್ತೇನೆ ಅಂದಿದ್ದಾರೆ. ಅದರಲ್ಲಿ ಮುಚ್ಚಿದ ಮಿಲ್‌ಗಳ ಹೆಸರೂ ಇವೆಯಂತೆ.