ಸ್ಯಾಲರಿ ಸ್ಲಿಪ್ ಇಲ್ಲದವನ ಹೋಮ್ ಲೋನ್ ಫೈಲು

ತುಮಕೂರಿನಲ್ಲಿ ನನ್ನದೊಂದು ಫ್ಯಾಬ್ರಿಕೇಶನ್ ಶೆಡ್ ಇದೆ. ಗೇಟು, ಗ್ರಿಲ್, ಮೆಟ್ಟಿಲಿನ ರೇಲಿಂಗ್ ಮಾಡುತ್ತೇವೆ. ಹೋಮ್ ಲೋನ್ ಕೇಳಲು ಹೋದಾಗ ಬ್ಯಾಂಕಿನ ಮೇಡಂ ಕೊಟ್ಟ ಪಟ್ಟಿಯಲ್ಲಿ ಎರಡು ವರ್ಷದ ಐಟಿ ರಿಟರ್ನ್, ಬ್ಯಾಲೆನ್ಸ್ ಶೀಟ್, ಲಾಭ-ನಷ್ಟದ ಪಟ್ಟಿ, ಜಿಎಸ್‌ಟಿ ರಿಟರ್ನ್, ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದವು. ಎಲ್ಲವೂ ನನ್ನ ಹತ್ತಿರ ಇದ್ದವು. ಅಷ್ಟನ್ನೂ ಒಟ್ಟು ಮಾಡಿ ಕೊಟ್ಟರೆ ಸಾಕಲ್ವಾ ಅಂತ ಆಡಿಟರ್ ಹತ್ತಿರ ಹೋದೆ.

ಅವರು ಮೊದಲು ನೋಡಿದ್ದು ಲಾಭವನ್ನಲ್ಲ, ಸವಕಳಿಯನ್ನು, ಅಂದರೆ ಮೆಷಿನ್ ಹಳತಾದಂತೆ ವರ್ಷವರ್ಷ ಲೆಕ್ಕದಲ್ಲಿ ಕಳೆಯುವ ಬೆಲೆಯನ್ನು. ಎರಡು ವರ್ಷದ ಹಿಂದೆ 8 ಲಕ್ಷಕ್ಕೆ ಒಂದು ಕಟಿಂಗ್ ಮೆಷಿನ್ ತಗೊಂಡಿದ್ದೆ. ಅದಕ್ಕೆ ಶೇ. 15ರ ಲೆಕ್ಕದಲ್ಲಿ ಮೊದಲ ವರ್ಷ 1,20,000, ಎರಡನೇ ವರ್ಷ ಉಳಿದ ಬೆಲೆಯ ಮೇಲೆ 1,02,000 ರೂಪಾಯಿ ಸವಕಳಿ ಬರೆದಿತ್ತು. ಅದನ್ನೆಲ್ಲ ಕಳೆದ ಮೇಲೆ ಉಳಿದ ಲಾಭ 4.6 ಲಕ್ಷ ಮತ್ತು 5.4 ಲಕ್ಷ. "ಸವಕಳಿ ಅಂದರೆ ನಿಮ್ಮ ಜೇಬಿನಿಂದ ಹೋದ ದುಡ್ಡಲ್ಲ. ಬ್ಯಾಂಕು ಅದನ್ನು ಲಾಭಕ್ಕೆ ವಾಪಸ್ ಸೇರಿಸುತ್ತದೆ" ಎಂದು ಆಡಿಟರ್ ಪೆನ್ನು ಹಿಡಿದು ಲೆಕ್ಕ ಹಾಕಿದರು.

ಲಾಭ ಮಾತ್ರ ಹಿಡಿದರೆ ಸರಾಸರಿ 5 ಲಕ್ಷ, ತಿಂಗಳಿಗೆ ಸುಮಾರು 41,700. ಅದರಲ್ಲಿ ಅರ್ಧ ಭಾಗ ಮಾತ್ರ ಕಂತುಗಳಿಗೆ ಅಂತ ಆ ಬ್ಯಾಂಕಿನ ಲೆಕ್ಕ. ಮೆಷಿನ್ ಸಾಲದ ಕಂತು 7,000 ಮೊದಲೇ ಹೋಗುತ್ತಿತ್ತು. ಉಳಿದದ್ದು 13,800 ಚಿಲ್ಲರೆ. 20 ವರ್ಷಕ್ಕೆ ಶೇ. 9ರ ಬಡ್ಡಿಯಲ್ಲಿ ಒಂದು ಲಕ್ಷಕ್ಕೆ ಸುಮಾರು 900 ರೂಪಾಯಿ ಕಂತು ಬರುತ್ತದೆ. ಅಂದರೆ ಸಿಗುವ ಸಾಲ 15 ಲಕ್ಷದ ಆಸುಪಾಸು. ಸವಕಳಿ ಸೇರಿಸಿದರೆ ಸರಾಸರಿ 6.11 ಲಕ್ಷ, ಸಾಲ 20 ಲಕ್ಷ ದಾಟುತ್ತದೆ. ಐದು ಲಕ್ಷದ ವ್ಯತ್ಯಾಸ! ಮನೆಗೆ ಚಾವಣಿ ಹಾಕಲಾಗುವುದೋ ಇಲ್ಲವೋ ಅನ್ನುವಷ್ಟು ದೊಡ್ಡ ಮೊತ್ತ ಅದು.

ಇದಕ್ಕೆ ಪೂರ್ತಿ ಲೆಕ್ಕಪುಸ್ತಕ ಇಟ್ಟು ರಿಟರ್ನ್ ಹಾಕಿರಬೇಕು. 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿ ಕಲಮಿನ ಅಡಿಯಲ್ಲಿ, ಪೂರ್ತಿ ಲೆಕ್ಕಪುಸ್ತಕ ಇಡದೆ ವಹಿವಾಟಿನ ಶೇ. 8 ಅಥವಾ 6ರಷ್ಟನ್ನು ಲಾಭ ಅಂತ ತೋರಿಸುವವರಿಗೆ ಸವಕಳಿ ಆ ಲಾಭದೊಳಗೇ ಕಳೆದುಹೋಗಿದೆ ಎಂದು ಕಾನೂನು ಹೇಳುತ್ತದೆ. ಬೇರೆಯಾಗಿ ಸೇರಿಸಲು ಅಲ್ಲಿ ಏನೂ ಉಳಿಯುವುದಿಲ್ಲ. ಮನೆ ಸಾಲ ಬೇಕು ಅನ್ನುವವರು ಇದನ್ನು ಎರಡು ವರ್ಷ ಮೊದಲೇ ಯೋಚಿಸಬೇಕು. ಎರಡು ವರ್ಷದ ರಿಟರ್ನನ್ನು ಒಟ್ಟಿಗೆ ಹಾಕಿಕೊಂಡು ಹೋದರೂ ಬ್ಯಾಂಕು ನಂಬುವುದು ಕಷ್ಟ. ಸಾಲಕ್ಕೋಸ್ಕರ ಆದಾಯ ಏರಿಸಿದ್ದಾರೆ ಅನ್ನುವ ಅನುಮಾನ ಬಂದುಬಿಡುತ್ತದೆ.

ಫೈಲು ಕೊಟ್ಟ ಮೇಲೆ ಮೇಡಂ ಫೋನ್ ಮಾಡಿ ಕೇಳಿದ್ದು ಬೇರೆಯದೇ ಪ್ರಶ್ನೆ. "ರಿಟರ್ನ್‌ನಲ್ಲಿ ವಹಿವಾಟು 32 ಲಕ್ಷ ಇದೆ. ಕರೆಂಟ್ ಅಕೌಂಟಿಗೆ 40 ಲಕ್ಷದ ಹತ್ತಿರ ಬಂದಿದೆ. ಯಾಕೆ ಸಾರ್?" ಇದಕ್ಕೆ ಬಾಯಿಮಾತಿನ ಉತ್ತರ ನಡೆಯುವುದಿಲ್ಲ. ಆಡಿಟರ್ ಒಂದೇ ಹಾಳೆಯಲ್ಲಿ ಬರೆದುಕೊಟ್ಟರು. ರಿಟರ್ನಿನ ವಹಿವಾಟಿನಲ್ಲಿ ಜಿಎಸ್‌ಟಿ ಸೇರಿರುವುದಿಲ್ಲ, ಗಿರಾಕಿ ಕೊಡುವ ದುಡ್ಡಿನಲ್ಲಿ ಸೇರಿರುತ್ತದೆ. 32 ಲಕ್ಷಕ್ಕೆ ಶೇ. 18 ಅಂದರೆ 5.76 ಲಕ್ಷ. ಜೊತೆಗೆ ನನ್ನದೇ ಉಳಿತಾಯ ಖಾತೆಯಿಂದ 2 ಲಕ್ಷ ಹಾಕಿದ್ದೆ. ಎರಡೂ ಖಾತೆಯ ಸ್ಟೇಟ್‌ಮೆಂಟಿನಲ್ಲಿ ಆ ನಮೂದಿಗೆ ಗುರುತು ಹಾಕಿ ಕೊಟ್ಟೆವು. ಹಾಳೆಯ 32 ಲಕ್ಷ, ಜಿಎಸ್‌ಟಿಆರ್-3ಬಿ ರಿಟರ್ನ್‌ಗಳ ವರ್ಷದ ಮೊತ್ತಕ್ಕೂ ಸರಿಹೋಗುತ್ತಿತ್ತು. ಒಬ್ಬ ಬಿಲ್ಡರ್ ಬಿಲ್ಲಿನಲ್ಲಿ ಶೇ. 1 ಟಿಡಿಎಸ್ ಹಿಡಿದಿದ್ದು ನನ್ನ ಹೆಸರಲ್ಲಿ ಕಟ್ಟಿದ ತೆರಿಗೆಯ ಪಟ್ಟಿಯಾದ 26ಎಎಸ್‌ನಲ್ಲಿ ಕಾಣುತ್ತಿತ್ತು. ಹಿಡಿದಾಗ ಬೇಜಾರಾಗಿತ್ತು, ಈಗ ಕೆಲಸ ನಡೆದಿದ್ದಕ್ಕೆ ಅದೇ ಸಾಕ್ಷಿಯಾಯಿತು.

ಬ್ಯಾಲೆನ್ಸ್ ಶೀಟಿನ ಮೇಲೆ ಆಡಿಟರ್ ಸಹಿ, ಸೀಲು ಇದ್ದರೆ ಸಾಲದು. ಆ ದಾಖಲೆಗೆಂದೇ ಆಡಿಟರ್ ಪಡೆಯುವ, ಅಂಕಿ-ಅಕ್ಷರ ಸೇರಿ 18 ಸ್ಥಾನಗಳ ಗುರುತಿನ ಸಂಖ್ಯೆ ಯುಡಿಐಎನ್ ಇರಬೇಕು. ಬ್ಯಾಂಕಿನವರು ಆ ಸಂಖ್ಯೆಯನ್ನು ಆನ್‌ಲೈನ್‌ನಲ್ಲಿ ಹಾಕಿ ನೋಡುತ್ತಾರೆ.

ಇನ್ನೊಂದು ತಕರಾರು ವ್ಯಾಪಾರದ ವಯಸ್ಸಿನದ್ದು. ಮೂರು ವರ್ಷ ನಡೆದಿರಬೇಕು ಎಂದರು. ಸಣ್ಣ ಉದ್ಯಮದ ನೋಂದಣಿಗೆ ಕೊಡುವ ನನ್ನ ಉದ್ಯಮ್ ಸರ್ಟಿಫಿಕೇಟಿನ ದಿನಾಂಕ ತೀರಾ ಈಚಿನದು. ಮಹಾನಗರ ಪಾಲಿಕೆಯ ಹಳೇ ಟ್ರೇಡ್ ಲೈಸೆನ್ಸ್‌ಗಳನ್ನು ಅಪ್ಪ ಒಂದೂ ಬಿಸಾಡದೆ ಇಟ್ಟಿದ್ದರು. ಪ್ರತಿ ವರ್ಷ ನವೀಕರಿಸಿದ ಆ ಕಾಗದಗಳೇ ಉತ್ತರ ಕೊಟ್ಟವು. ಆಮೇಲೆ ಬ್ಯಾಂಕಿನ ಹುಡುಗನೊಬ್ಬ ಶೆಡ್ಡಿಗೆ ಬಂದು ಬೋರ್ಡಿನ ಫೋಟೋ ತೆಗೆದ, ಪಕ್ಕದ ಅಂಗಡಿಯವರನ್ನು ವಿಚಾರಿಸಿದ. ಬೋರ್ಡಿನ ಹೆಸರು, ಲೈಸೆನ್ಸಿನ ಹೆಸರು, ಜಿಎಸ್‌ಟಿಯ ಹೆಸರು ಒಂದೇ ಇದೆಯಾ ಅಂತ ನೋಡುವುದೇ ಅವನ ಮುಖ್ಯ ಕೆಲಸ.

ಸೈಟಿನ ಕ್ರಯಪತ್ರ, ಇಸಿ, ಇ-ಖಾತಾ, ಪ್ಲಾನ್ ಎಲ್ಲ ವಕೀಲರ ಹತ್ತಿರ ಹೋದವು. ಅವು ಸಂಬಳದವರಿಗೂ ಒಂದೇ. ಮಂಜೂರಾತಿ ಪತ್ರ 20 ಲಕ್ಷಕ್ಕೆ ಬಂತು. ಮೆಷಿನ್ ಸಾಲದ ಕಂತು ತಪ್ಪದೆ ಕಟ್ಟಿರುವ ಸ್ಟೇಟ್‌ಮೆಂಟನ್ನು ಮೊದಲ ಕಂತಿನ ಹಣ ಬಿಡುಗಡೆಗೆ ಮುಂಚೆ ಕೊಡಬೇಕು ಅಂತ ಅದರಲ್ಲಿ ಷರತ್ತು ಇತ್ತು. ಮರುದಿನವೇ ಕೊಟ್ಟುಬಂದೆ.